ನಿಮಗಿದು ಗೊತ್ತೆ? ಕೆಂಪು ಸರಿದರೆ ಫೋಟೋ ‘ಗ್ಲಿಚ್’!

ಕೆಟ್ಟುಹೋದ ಟಿ.ವಿ. ಪರದೆಯಂತೆ ಕಾಣುವ ‘ಗ್ಲಿಚ್’ ಫೋಟೋಗಳ ಗುಟ್ಟು ಅಂಚುಗಳಲ್ಲಿದೆ. ಡಿಜಿಟಲ್ ಫೋಟೋದಲ್ಲಿ ಕೆಂಪು, ಹಸಿರು, ನೀಲಿ ಎಂಬ ಮೂರು ಪದರಗಳು ಕರಾರುವಾಕ್ಕಾಗಿ ಒಂದರ ಮೇಲೊಂದು ಕೂತಿರುತ್ತವೆ. 1080 ಪಿಕ್ಸೆಲ್ ಅಗಲದ ಫೋಟೋದಲ್ಲಿ ಕೆಂಪು ಪದರವನ್ನಷ್ಟೇ 10 ಪಿಕ್ಸೆಲ್ ಬಲಕ್ಕೆ ಸರಿಸಿ ನೋಡಿ. ಬಿಳಿ ಫಲಕದ ಮೇಲಿನ ಕಪ್ಪು ಅಕ್ಷರಕ್ಕೆ ಎಡಗಡೆ ಕೆಂಪು ಅಂಚು, ಬಲಗಡೆ ಹಸಿರು ಬೆರೆತ ತಿಳಿನೀಲಿ ಅಂಚು ಮೂಡುತ್ತದೆ. ಎಡದಲ್ಲಿ ಕೆಂಪು ಬೆಳಕೊಂದೇ ಇದೆ, ಬಲದಲ್ಲಿ ಕೆಂಪೊಂದೇ ಇಲ್ಲ, ಅದೇ ಕಾರಣ. ಮೋಡವಿಲ್ಲದ ಬರೀ ಆಕಾಶದ ಫೋಟೋದಲ್ಲಿ ಹೀಗೆ ಸರಿಸಿದರೆ ಬದಲಾವಣೆ ಅಷ್ಟಾಗಿ ಕಾಣುವುದಿಲ್ಲ. ಹಾಗಾಗಿ ಬೋರ್ಡು, ಕಿಟಕಿ, ವಿದ್ಯುತ್ ತಂತಿಗಳಿರುವ ಚಿತ್ರವನ್ನೇ ಆರಿಸಿಕೊಳ್ಳಿ.

ಇದೇ ಫೋಟೋದಲ್ಲಿ ನೆರಳಿನ ಭಾಗಕ್ಕೆ ನೇರಳೆ, ಬೆಳಕಿನ ಭಾಗಕ್ಕೆ ಗುಲಾಬಿ ಛಾಯೆ ಕೊಟ್ಟರೆ ‘ವೇಪರ್‌ವೇವ್’ ನೋಟ ಬರುತ್ತದೆ. 2011ರ ‘ಫ್ಲೋರಲ್ ಶಾಪ್’ ಸಂಗೀತ ಆಲ್ಬಮ್ಮಿನ ಗುಲಾಬಿ ಮುಖಪುಟ ಈ ಶೈಲಿಯ ಗುರುತೇ ಆಗಿಬಿಟ್ಟಿದೆ.

ಹಳೆ ಟಿ.ವಿ.ಯ ಅಡ್ಡಗೆರೆಗಳೂ ಬೇಕಿದ್ದರೆ ಅವನ್ನು ಮಾತ್ರ ಕೊನೆಗೆ ಎಳೆಯಿರಿ. ಗೆರೆ ಎಳೆದ ಮೇಲೆ ಫೋಟೋ ಕಿರಿದು ಮಾಡಿದರೆ, ಗೆರೆಗಳು ಒಂದಕ್ಕೊಂದು ಬೆರೆತು ಅಲೆಯಂಥ ದಪ್ಪ ಪಟ್ಟೆಗಳಾಗಬಹುದು. ಮೊದಲು ಅಳತೆ, ಆಮೇಲೆ ಗೆರೆ. ಕಡತವನ್ನು PNG ರೂಪದಲ್ಲಿ ಉಳಿಸಿ. JPEG ಸಾಮಾನ್ಯವಾಗಿ ಬಣ್ಣದ ವಿವರವನ್ನೇ ಮೊದಲು ಕಡಿಮೆ ಮಾಡುವುದರಿಂದ ಆ ಕೆಂಪು ಅಂಚು ಮಸುಕಾಗುತ್ತದೆ.