ಮೊಟ್ಟೆಚಿಪ್ಪಿನಲ್ಲಿ ಸುಣ್ಣ ಎಷ್ಟು?

ಮೊಟ್ಟೆಚಿಪ್ಪಿನ ಕ್ಯಾಲ್ಸಿಯಂ ಕಾರ್ಬೊನೇಟ್ ನೀರಿನಲ್ಲಿ ಕರಗದು. ಆಮ್ಲದಲ್ಲೂ ನಿಧಾನವಾಗಿ ಕರಗುತ್ತದೆ. ಆದ್ದರಿಂದ ಬೇಕಾದದ್ದಕ್ಕಿಂತ ಹೆಚ್ಚು ಆಮ್ಲ ಹಾಕಿ, ಉಳಿದದ್ದನ್ನು ಕ್ಷಾರದಿಂದ ಅಳೆಯುತ್ತಾರೆ. ಇದೇ ಹಿಮ್ಮುಖ ಟೈಟ್ರೇಶನ್.

ಒಳಪೊರೆ ತೆಗೆದು, ಒಣಗಿಸಿ ಪುಡಿ ಮಾಡಿದ 0.5 ಗ್ರಾಂ ಚಿಪ್ಪಿಗೆ 1 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲ 20 ಮಿ.ಲೀ. ಹಾಕಿದೆವು ಎನ್ನಿ. ಗುಳ್ಳೆ ನಿಂತ ಮೇಲೆ ಮೆಲ್ಲಗೆ ಕುದಿಸಿ ಆರಿಸಬೇಕು. ಇಲ್ಲದಿದ್ದರೆ ದ್ರಾವಣದಲ್ಲಿ ಉಳಿದ ಕಾರ್ಬನ್ ಡೈಆಕ್ಸೈಡ್ ಕೂಡ ಕ್ಷಾರವನ್ನು ಬಳಸಿಕೊಂಡು, ಉತ್ತರ ಕಡಿಮೆ ಬರುತ್ತದೆ; ಗುಲಾಬಿ ಬಣ್ಣ ಮೂಡಿ ಮಾಯವಾಗುವುದೇ ಅದರ ಗುರುತು.

ಫಿನಾಲ್ಫ್ತಲೀನ್ ಸೂಚಕ ಹಾಕಿ, ಬ್ಯುರೆಟ್ಟಿನಿಂದ 1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್ ಬಿಡಬೇಕು. 10.5 ಮಿ.ಲೀ.ಗೆ ತಿಳಿಗುಲಾಬಿ ನಿಂತರೆ, ಚಿಪ್ಪಿಗೆ ಖರ್ಚಾದ ಆಮ್ಲ 9.5 ಮಿ.ಲೀ. ಈ ಆಮ್ಲದ ಪ್ರತಿ ಮಿ.ಲೀ. 50 ಮಿ.ಗ್ರಾಂ ಕಾರ್ಬೊನೇಟ್ ಕರಗಿಸುತ್ತದೆ. ಹಾಗಾಗಿ ಚಿಪ್ಪಿನಲ್ಲಿದ್ದದ್ದು 475 ಮಿ.ಗ್ರಾಂ, ಅಂದರೆ ಶೇ 95.