ಎರಡು ದಿನ ತಡವೋ, ನಾಲ್ಕು ದಿನವೋ, ಆರು ದಿನವೋ? ಹಬ್ಬದ ರಜೆ ಮತ್ತು ಒಂದು ಸ್ಟೇಟಸ್ ಮೇಲ್

ಇವತ್ತಿನ ಮಾತು ಒಂದೇ ಒಂದು ಮೇಲ್ ಬಗ್ಗೆ. ಚೆನ್ನೈನಲ್ಲಿ ಟೀಮ್ ಲೀಡ್ ಆಗಿರೋ ಗೆಳೆಯರೊಬ್ಬರು ಲಂಡನ್ನಿನ ಕ್ಲೈಂಟ್‌ಗೆ ಕಳಿಸಿದ ಮೇಲ್ ಅದು. ಒಳಗಿದ್ದದ್ದು ಇಷ್ಟೇ: "ಹಬ್ಬದ ರಜೆಗಳಿಂದಾಗಿ ಡೆಲಿವರಿ ಎರಡು ವರ್ಕಿಂಗ್ ಡೇ ತಡವಾಗ್ತಿದೆ. ಹೊಸ ತಾರೀಖು ಅಕ್ಟೋಬರ್ 6."

ಅರ್ಧ ಗಂಟೆಯಲ್ಲಿ ಉತ್ತರ ಬಂತು: "ಸೆಪ್ಟೆಂಬರ್ 30ರಿಂದ ಅಕ್ಟೋಬರ್ 6ಕ್ಕೆ ನನ್ನ ಲೆಕ್ಕದಲ್ಲಿ ನಾಲ್ಕು ವರ್ಕಿಂಗ್ ಡೇ ಆಗುತ್ತೆ. ನೀವು ಎರಡು ಅಂತೀರಿ. ಯಾವುದು ಸರಿ? ಇನ್ನೊಂದು ಮಾತು, ಈ ರಜೆಗಳು ನಿಮಗೆ ಮೊದಲೇ ಗೊತ್ತಿರಲಿಲ್ವಾ?"

ನಮ್ಮವರು ಸುಳ್ಳು ಹೇಳಿರಲಿಲ್ಲ. ಆದ್ರೂ ಓದಿದವರಿಗೆ ಏನೋ ಮುಚ್ಚಿಡ್ತಿದ್ದಾರೆ ಅನ್ನಿಸಿತು. ಯಾಕೆ ಅಂತ ಕ್ಯಾಲೆಂಡರ್ ತೆಗೆದು ನೋಡೋಣ.

2025ರ ಅಕ್ಟೋಬರ್ 1 ಬುಧವಾರ, ಆಯುಧ ಪೂಜೆ. ಅಕ್ಟೋಬರ್ 2 ಗುರುವಾರ, ವಿಜಯದಶಮಿ ಮತ್ತು ಗಾಂಧಿ ಜಯಂತಿ ಎರಡೂ ಒಂದೇ ದಿನ. ಚೆನ್ನೈ ಟೀಮ್‌ಗೆ ಎರಡೂ ದಿನ ರಜೆ. ಡೆಲಿವರಿ ಇದ್ದದ್ದು ಸೆಪ್ಟೆಂಬರ್ 30, ಮಂಗಳವಾರ, ಅಂದ್ರೆ ರಜೆಯ ಹಿಂದಿನ ದಿನ. ಆ ಮಧ್ಯಾಹ್ನ ಕೊನೇ ಸುತ್ತಿನ ಟೆಸ್ಟಿಂಗ್‌ನಲ್ಲಿ ಬಿಲ್ಲಿಂಗ್ ಮಾಡ್ಯೂಲ್ ತೆರಿಗೆಯನ್ನ ರೌಂಡ್ ಮಾಡೋದ್ರಲ್ಲಿ ತಪ್ಪು ಸಿಕ್ಕಿತು. ಸರಿಪಡಿಸೋಕೆ ಒಂದು ದಿನ, ಮತ್ತೆ ಟೆಸ್ಟ್ ಮಾಡೋಕೆ ಒಂದು ದಿನ ಬೇಕು.

ಎಣಿಸಿ ನೋಡಿ. ಬುಧವಾರ ರಜೆ, ಗುರುವಾರ ರಜೆ. ಶುಕ್ರವಾರ 3ನೇ ತಾರೀಖು ಮೊದಲ ದಿನದ ಕೆಲಸ. ಶನಿವಾರ, ಭಾನುವಾರ ಬಿಟ್ಟು ಸೋಮವಾರ 6ನೇ ತಾರೀಖು ಎರಡನೇ ದಿನದ ಕೆಲಸ. ಅಲ್ಲಿಗೆ ನಮ್ಮವರ ಲೆಕ್ಕದಲ್ಲಿ ಎರಡು ವರ್ಕಿಂಗ್ ಡೇ. ಲಂಡನ್ನಿನಲ್ಲಿ ಆ ವಾರ ಯಾವ ರಜೆಯೂ ಇಲ್ಲ. ಅವರು 1, 2, 3, 6 ಅಂತ ಎಣಿಸಿದ್ರು, ನಾಲ್ಕು. ಗೋಡೆ ಮೇಲಿನ ಕ್ಯಾಲೆಂಡರ್ ನೋಡಿದ್ರೆ ಆರು ದಿನ. ಮೂರೂ ಲೆಕ್ಕ ಸರಿಯೇ. "ವರ್ಕಿಂಗ್ ಡೇ" ಅನ್ನೋ ಮಾತಿನ ಹಿಂದೆ ಯಾರ ಕ್ಯಾಲೆಂಡರ್ ಅಂತ ಮೇಲ್‌ನಲ್ಲಿ ಇರಲಿಲ್ಲ, ಎಡವಟ್ಟಾಗಿದ್ದು ಅಲ್ಲಿ.

ಹಾಗಾದ್ರೆ ಕ್ಲೈಂಟ್‌ಗೆ ಮುಖ್ಯವಾದ ಸಂಖ್ಯೆ ಯಾವುದು? ಅವರ ಪ್ಲಾನ್ ನೋಡಿ. ಅವರ ಕಡೆಯ ಯೂಸರ್ ಟೆಸ್ಟಿಂಗ್ ಅಕ್ಟೋಬರ್ 1ಕ್ಕೆ ಶುರುವಾಗಿ ಐದು ದಿನ, ಅಂದ್ರೆ 7ಕ್ಕೆ ಮುಗೀಬೇಕಿತ್ತು. ಗೋ-ಲೈವ್ 15ನೇ ತಾರೀಖು. ನಡುವೆ 8, 9, 10, 13, 14 ಅಂತ ಐದು ದಿನ ಕೈಯಲ್ಲಿತ್ತು. ಈಗ ಡೆಲಿವರಿ 6ರ ಸಂಜೆ ಅಂದ್ರೆ ಅವರ ಟೆಸ್ಟಿಂಗ್ ಶುರು 7ಕ್ಕೆ, ಮುಗಿಯೋದು 13ಕ್ಕೆ. ಕೈಯಲ್ಲಿ ಉಳಿಯೋದು 14, ಒಂದೇ ದಿನ. ಐದರಿಂದ ಒಂದಕ್ಕೆ ಇಳಿಯಿತು, ಹೋದದ್ದು ನಾಲ್ಕು ದಿನ. ಅವರು ಕೇಳಿದ ನಾಲ್ಕು ಇದೇ. ನಮ್ಮವರ "ಎರಡು" ಅನ್ನೋದು ಟೀಮ್ ಮಾಡಬೇಕಾದ ಕೆಲಸದ ಅಳತೆ, ಅವರು ಕಾಯಬೇಕಾದ ಕಾಲದ ಅಳತೆ ಅಲ್ಲ.

ಈಗ ಎರಡನೇ ಪ್ರಶ್ನೆ, ಕಾರಣ. "ರಜೆಗಳಿಂದಾಗಿ ತಡ" ಅನ್ನೋದು ಇಲ್ಲಿ ನಿಜವಾದ ಕಾರಣ ಅಲ್ಲ. ರಜೆಗಳು ಪ್ಲಾನ್‌ನಲ್ಲೇ ಇದ್ವು, ಅದಕ್ಕೇ ತಾನೇ ಡೆಲಿವರಿಯನ್ನ 30ಕ್ಕೆ ಇಟ್ಟಿದ್ದು! ತಡಕ್ಕೆ ಕಾರಣ ರೌಂಡಿಂಗ್ ತಪ್ಪು. ರಜೆ ಮಾಡಿದ್ದು ಏನಂದ್ರೆ ಆ ಎರಡು ದಿನವನ್ನ ಎಳೆದು ಆರು ಮಾಡಿದ್ದು. ಇವೆರಡನ್ನ ಬೇರೆ ಬೇರೆ ವಾಕ್ಯದಲ್ಲಿ ಹೇಳಬೇಕು. ರಜೆ ನಿಜವಾಗಿಯೂ ಕಾರಣವಾಗೋದು ಪ್ಲಾನ್ ಮಾಡುವಾಗ ಅದನ್ನ ಲೆಕ್ಕಕ್ಕೆ ತಗೊಳ್ಳದೆ ಬಿಟ್ಟಿದ್ರೆ. ಆಗಲೂ ಅದು ನಮ್ಮ ತಪ್ಪೇ, ಹಾಗಂತಲೇ ಬರೀಬೇಕು. ಇನ್ನೊಂದು ಪಾಠವೂ ಇದೆ: ರಜೆಯ ಹಿಂದಿನ ದಿನಕ್ಕೆ ಡೆಲಿವರಿ ಇಟ್ರೆ, ಒಂದೇ ದಿನ ಜಾರಿದ್ರೂ ಅದು ರಜೆ ದಾಟಿ ಆಚೆ ಬೀಳುತ್ತೆ.

ಎಕ್ಸೆಲ್‌ನಲ್ಲಿ ತಾರೀಖು ತೆಗೆಯೋದು ಸುಲಭ. ಎರಡು ರಜೆಗಳನ್ನ H2, H3ನಲ್ಲಿ ಬರೆದುಕೊಳ್ಳಿ:

```
=WORKDAY(DATE(2025,9,30), 2, H2:H3)
=NETWORKDAYS(DATE(2025,9,30), DATE(2025,10,6)) - 1
```

ಮೊದಲನೇದು ಚೆನ್ನೈ ಲೆಕ್ಕ, ಅಕ್ಟೋಬರ್ 6 ಅಂತ ಬರುತ್ತೆ. ಸಂಖ್ಯೆಯಾಗಿ ಕಂಡ್ರೆ ಆ ಸೆಲ್‌ನ ಫಾರ್ಮ್ಯಾಟ್ ತಾರೀಖಿಗೆ ಬದಲಿಸಿ. ಎರಡನೇದು ಲಂಡನ್ ಲೆಕ್ಕ, ಅಲ್ಲಿ ರಜೆ ಪಟ್ಟಿ ಇಲ್ಲ, ಉತ್ತರ 4. ಆ ಕೊನೇ `- 1` ಮರೀಬೇಡಿ. `NETWORKDAYS` ಶುರುವಿನ ದಿನವನ್ನೂ ಎಣಿಸುತ್ತೆ, ಕಳೆಯದಿದ್ರೆ ನಾಲ್ಕು ದಿನದ ತಡ ಐದು ಅಂತ ಹೋಗುತ್ತೆ. `WORKDAY` ಶುರುವಿನ ದಿನವನ್ನ ಎಣಿಸೋದಿಲ್ಲ.

ಟೀಮ್ ಎರಡು ಊರಲ್ಲಿದ್ರೆ ರಜೆ ಪಟ್ಟಿಯೂ ಎರಡು. ಈ ಟೀಮ್‌ನ ಟೆಸ್ಟರ್ ಒಬ್ಬರು ಪುಣೆಯಲ್ಲಿದ್ರು, ಅವರ ಆಫೀಸಿಗೆ 1ನೇ ತಾರೀಖು ರಜೆ ಇಲ್ಲ. ಹಾಗಂತ ಆ ದಿನವನ್ನ ಒಂದು ವರ್ಕಿಂಗ್ ಡೇ ಅಂತ ಸೇರಿಸೋಕಾಗಲ್ಲ. ಚೆನ್ನೈನ ಡೆವಲಪರ್ ಸರಿಪಡಿಸದೆ ಪುಣೆಯವರು ಟೆಸ್ಟ್ ಮಾಡೋದೇನನ್ನ? ಆದ್ರೆ ಆ ದಿನ ಕ್ಲೈಂಟ್‌ನ ಪ್ರಶ್ನೆಗೆ ಉತ್ತರ ಕೊಡೋಕೆ ಒಬ್ಬರು ಇದ್ದಾರೆ. ಅದು ಮೇಲ್‌ನಲ್ಲಿ ಹೇಳಬೇಕಾದ ಮಾತು.

ಆಮೇಲೆ ನಾವು ಕೂತು ಆ ಮೇಲ್ ಹೇಗಿದ್ರೆ ಚೆನ್ನಾಗಿರ್ತಿತ್ತು ಅಂತ ಮತ್ತೆ ಬರೆದ್ವಿ. ನೀವು ಇಂಗ್ಲಿಷ್‌ನಲ್ಲೇ ಬರೀತೀರಿ, ತಿರುಳು ಕನ್ನಡದಲ್ಲಿ ಹೀಗಿದೆ:

"ಸೆಪ್ಟೆಂಬರ್ 30ರ ಡೆಲಿವರಿಯಲ್ಲಿ ಬಿಲ್ಲಿಂಗ್ ಮಾಡ್ಯೂಲ್ ಮಾತ್ರ ಅಕ್ಟೋಬರ್ 6, ಸೋಮವಾರ, ಭಾರತದ ಸಂಜೆ 6ಕ್ಕೆ, ಲಂಡನ್ ಮಧ್ಯಾಹ್ನ 1:30ಕ್ಕೆ ಬರುತ್ತದೆ. ನಿಮ್ಮ ಕ್ಯಾಲೆಂಡರ್‌ನಲ್ಲಿ ಇದು ನಾಲ್ಕು ವರ್ಕಿಂಗ್ ಡೇ ತಡ.

ಕಾರಣ: ತೆರಿಗೆ ರೌಂಡಿಂಗ್‌ನಲ್ಲಿ ಇಂದು ತಪ್ಪು ಸಿಕ್ಕಿದೆ. ಸರಿಪಡಿಸಿ ಟೆಸ್ಟ್ ಮಾಡಲು ಎರಡು ದಿನದ ಕೆಲಸ. ಅಕ್ಟೋಬರ್ 1 ಮತ್ತು 2 ಚೆನ್ನೈಗೆ ರಜೆ, ಹಾಗಾಗಿ ಆ ಕೆಲಸ 3 ಮತ್ತು 6ರಂದು ನಡೆಯುತ್ತದೆ.

ಉಳಿದ ಮಾಡ್ಯೂಲ್‌ಗಳು ಇಂದೇ ಬರುತ್ತವೆ, ಅವುಗಳ ಟೆಸ್ಟಿಂಗನ್ನು ನೀವು ನಾಳೆಯೇ ಶುರು ಮಾಡಬಹುದು. ಅಕ್ಟೋಬರ್ 1ರಂದು ಪುಣೆಯ ನಮ್ಮ ಟೆಸ್ಟರ್ ಲಭ್ಯ, 2ರಂದು ಯಾರೂ ಇರುವುದಿಲ್ಲ. ಗೋ-ಲೈವ್ 15ಕ್ಕೇ ಇದೆ. ಬಿಲ್ಲಿಂಗ್ ಟೆಸ್ಟಿಂಗ್‌ಗೆ ನಿಮಗೆ ಎಷ್ಟು ದಿನ ಬೇಕು ಎಂದು ತಿಳಿಸಿದರೆ ಪ್ಲಾನ್ ಸರಿಮಾಡುತ್ತೇವೆ."

ಗಮನಿಸಿ, ಮೊದಲ ವಾಕ್ಯದಲ್ಲೇ ತಾರೀಖು, ವಾರ, ಗಂಟೆ ಇದೆ. ತಿಂಗಳನ್ನ ಹೆಸರಲ್ಲಿ ಬರೆದಿದ್ದೀವಿ, ಯಾಕಂದ್ರೆ 06/10 ಅಂತ ಬರೆದ್ರೆ ಅಮೆರಿಕದಲ್ಲಿರೋ ಇನ್ನೊಬ್ಬರು ಜೂನ್ 10 ಅಂತ ಓದ್ತಾರೆ. ತಡವನ್ನ ಓದುವವರ ಕ್ಯಾಲೆಂಡರ್‌ನಲ್ಲಿ ಹೇಳಿದ್ದೀವಿ, ಕೆಲಸವನ್ನ ನಮ್ಮದರಲ್ಲಿ. ದೊಡ್ಡ ಸಂಖ್ಯೆಯನ್ನ ನಾವೇ ಮೊದಲು ಹೇಳಿದ್ರೆ ಅವರು ಬೆರಳು ಮಡಚಿ ಎಣಿಸಿ ಕೇಳೋ ಪ್ರಸಂಗ ಬರೋದಿಲ್ಲ.

ನಮ್ಮ ಗೆಳೆಯರು ಆ ಸಲ ಆಯುಧ ಪೂಜೆ ದಿನವೂ ಫೋನ್ ಹಿಡಿದು ಕ್ಲೈಂಟ್‌ಗೆ ಸಮಜಾಯಿಷಿ ಕೊಡ್ತಾ ಕೂತಿದ್ರು. ಲ್ಯಾಪ್‌ಟಾಪಿಗೆ ಕುಂಕುಮ ಇಟ್ಟು ಪಕ್ಕಕ್ಕಿಡಬೇಕಾದ ದಿನ, ಅದನ್ನೇ ತೆರೆದು ದಿನ ಎಣಿಸೋ ಹಾಗಾಯ್ತು.