ಕಪಾಟು ಆಸ್ಪತ್ರೆಯದು, ಸರಕು ಯಾರದು?

ಮಂಡಿ ಬದಲಿಸುವ ಶಸ್ತ್ರಚಿಕಿತ್ಸೆಯಲ್ಲಿ ರೋಗಿಗೆ ಯಾವ ಅಳತೆಯ ಕೃತಕ ಕೀಲು ಸರಿಹೊಂದುತ್ತದೆ ಎಂಬುದು ಎಷ್ಟೋ ಸಲ ಆಪರೇಷನ್ ಥಿಯೇಟರಿನಲ್ಲೇ ಖಚಿತವಾಗುವುದು. ಹಾಗಾಗಿ ಎಲ್ಲ ಅಳತೆಗಳೂ ಕೈಗೆಟಕುವಂತಿರಬೇಕು. ಅಷ್ಟನ್ನೂ ಆಸ್ಪತ್ರೆ ದುಡ್ಡು ಕೊಟ್ಟು ಕೊಂಡಿಡುವುದು ಕಷ್ಟ. ಅದಕ್ಕೇ ಮಾರುವ ಕಂಪನಿ ಇಡೀ ಸೆಟ್ ತಂದು ಆಸ್ಪತ್ರೆಯ ಕಪಾಟಿನಲ್ಲಿಡುತ್ತದೆ, ಬಳಸಿದ್ದಕ್ಕೆ ಮಾತ್ರ ಬಿಲ್ ಮಾಡುತ್ತದೆ. ಇದೇ ಕನ್ಸೈನ್‌ಮೆಂಟ್ ಸ್ಟಾಕ್.

ಬೆಂಗಳೂರಿನ ವಿತರಕರೊಬ್ಬರು ಮಾರ್ಚ್ ಮೊದಲ ವಾರ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ 20 ಕೀಲುಗಳನ್ನು ಇಟ್ಟರು ಎಂದುಕೊಳ್ಳೋಣ. ಒಂದಕ್ಕೆ ಅವರ ಖರೀದಿ ಬೆಲೆ 30,000 ರೂಪಾಯಿ, ಮಾರುವ ಬೆಲೆ 40,000. ಸರಕು ಗೋದಾಮು ಬಿಟ್ಟು ಹೋಗಿದೆ, ಆಸ್ಪತ್ರೆ ಸಹಿ ಹಾಕಿ ಪಡೆದಿದೆ. ಆದರೂ ಮಾರಾಟವಾಗಿಲ್ಲ. ಇಂಡ್ ಎಎಸ್ 115 ಎಂಬ ಲೆಕ್ಕಪತ್ರ ಮಾನದಂಡ ಇಲ್ಲಿ ನೋಡುವುದು ಸರಕಿನ ಮೇಲಿನ ಹತೋಟಿಯನ್ನು. ವಿತರಕರು ಬೇಕೆಂದಾಗ ಅದನ್ನು ವಾಪಸ್ ತರಿಸಿಕೊಳ್ಳಬಹುದು, ಬೇರೆ ಆಸ್ಪತ್ರೆಗೆ ಕಳಿಸಬಹುದು. ಬಳಸುವವರೆಗೆ ಆಸ್ಪತ್ರೆ ಹಣ ಕೊಡಬೇಕಾಗಿಯೂ ಇಲ್ಲ. ಅಂದಮೇಲೆ ಸರಕು ಇನ್ನೂ ವಿತರಕರದೇ.

ಎಸ್‌ಎಪಿ ತಂತ್ರಾಂಶದಲ್ಲಿ ಇದಕ್ಕೆ ಎರಡು ಹೆಜ್ಜೆಗಳಿವೆ. ಕಪಾಟು ತುಂಬಿಸುವಾಗ ಹಾಕುವ ನಮೂದು 631. ಸ್ಟಾಕು ಆಸ್ಪತ್ರೆಯ ಹೆಸರಿನಡಿ W ಎಂಬ ವಿಶೇಷ ಗುಂಪಿಗೆ ಸರಿಯುತ್ತದೆ, ಆದರೆ ಅದರ ಮೌಲ್ಯ ವಿತರಕರ ಪುಸ್ತಕದಲ್ಲೇ ಉಳಿಯುತ್ತದೆ. ಕೀಲು ಬಳಕೆಯಾದಾಗ ಹಾಕುವುದು 633. ಆಗಲೇ ಸ್ಟಾಕು ಇಳಿದು, ವೆಚ್ಚ ದಾಖಲಾಗಿ, ಬಿಲ್ ಹುಟ್ಟುವುದು. ಮಾರ್ಚ್ ಕೊನೆಗೆ 6 ಕೀಲು ಬಳಕೆಯಾಗಿದ್ದರೆ ಆದಾಯ 2,40,000, ವೆಚ್ಚ 1,80,000, ಲಾಭ 60,000. ಉಳಿದ 14 ಕೀಲುಗಳ 4,20,000 ರೂಪಾಯಿ ವಿತರಕರ ಆಸ್ತಿಯಾಗಿಯೇ ಇರುತ್ತದೆ.

ಗುಮಾಸ್ತರು ಇದನ್ನೇ ಮಾಮೂಲಿ ಮಾರಾಟದ ಆರ್ಡರಿನಲ್ಲಿ ಕಳಿಸಿಬಿಟ್ಟರೆ? ಮೊದಲ ವಾರವೇ 8 ಲಕ್ಷ ಆದಾಯ, 2 ಲಕ್ಷ ಲಾಭ! ತಂತ್ರಾಂಶ ಯಾವ ತಕರಾರೂ ಎತ್ತುವುದಿಲ್ಲ, ಅದರ ಮಟ್ಟಿಗೆ ಎಲ್ಲವೂ ತಾಳೆಯಾಗಿದೆ. ಗುಟ್ಟು ರಟ್ಟಾಗುವುದು ತಿಂಗಳುಗಳ ನಂತರ, ಆಸ್ಪತ್ರೆಯ ಬಾಕಿ ವಸೂಲಾಗದೆ ನಿಂತಾಗ, ಕ್ರೆಡಿಟ್ ನೋಟುಗಳು ಸಾಲುಗಟ್ಟಿದಾಗ.

ಇನ್ನೊಂದು ತೊಡಕು ತಾರೀಕಿನದು. ಕೀಲಿನ ಪೆಟ್ಟಿಗೆಯಲ್ಲಿ ಬಿಡಿಸಿ ಅಂಟಿಸುವ ಸ್ಟಿಕ್ಕರುಗಳಿರುತ್ತವೆ. ಒಂದನ್ನು ರೋಗಿಯ ಕೇಸ್ ಶೀಟಿಗೆ ಅಂಟಿಸುತ್ತಾರೆ. ಬಳಕೆಗೆ ಅದೇ ಪುರಾವೆ. ಶಸ್ತ್ರಚಿಕಿತ್ಸೆ ಮಾರ್ಚ್ 30ಕ್ಕೆ ಆಗಿ, ವರದಿ ಏಪ್ರಿಲ್ 4ಕ್ಕೆ ತಲುಪಿದರೂ ಆದಾಯ ಮಾರ್ಚಿನದೇ. ಆದ್ದರಿಂದ ವರ್ಷದ ಕೊನೆಯ ದಿನ ಕಪಾಟನ್ನೇ ಎಣಿಸಬೇಕು. MB58 ಪರದೆ 14 ಅಂದು, ಕಪಾಟಿನಲ್ಲಿ 13 ಇದ್ದರೆ, ಲಾಟ್ ನಂಬರ್ ಹಿಡಿದು ಆ ಒಂದು ಎಲ್ಲಿ ಹೋಯಿತೆಂದು ಹುಡುಕಬೇಕು. ಅವಧಿ ಮುಗಿದ ಕೀಲಿನ ನಷ್ಟವೂ ಸಾಮಾನ್ಯವಾಗಿ ವಿತರಕರ ತಲೆಗೇ. ಒಡೆತನವೆಂದರೆ ಅದೂ ಸೇರಿಯೇ.

ಜಿಎಸ್‌ಟಿ ಮಾತ್ರ ತನ್ನದೇ ದಾರಿ ಹಿಡಿಯುತ್ತದೆ. ಒಪ್ಪಿದರೆ ಮಾರಾಟ, ಇಲ್ಲದಿದ್ದರೆ ವಾಪಸ್ ಎಂಬ ಷರತ್ತಿನಲ್ಲಿ ಹೋದ ಸರಕಿಗೆ, ಮಾರಾಟವಾದಾಗ ಅಥವಾ ಕಳಿಸಿ 6 ತಿಂಗಳಾದಾಗ, ಯಾವುದು ಮೊದಲೋ ಆಗ ಇನ್‌ವಾಯ್ಸ್ ಮಾಡಲೇಬೇಕು. ಹೀಗಾಗಿ ತೆರಿಗೆ ಕಟ್ಟಿಯಾಗಿದ್ದರೂ ಆದಾಯವೆಂದು ಬರೆಯಲಾಗದ ಕೀಲುಗಳು ಕಪಾಟಿನಲ್ಲಿರಬಹುದು.

ಡ್ರಾಪ್ ಶಿಪ್‌ಮೆಂಟಿನಲ್ಲಿ ಸರಕು ವಿತರಕರ ಗೋದಾಮನ್ನು ಕಾಣುವುದೇ ಇಲ್ಲ. ಅದೇ ಆಸ್ಪತ್ರೆ 5 ಲಕ್ಷದ ಆಪರೇಷನ್ ಟೇಬಲ್ ಕೇಳಿತು. ವಿತರಕರು ಪುಣೆಯ ತಯಾರಕರಿಗೆ 4,40,000ಕ್ಕೆ ಆರ್ಡರ್ ಕೊಟ್ಟು ನೇರ ಹುಬ್ಬಳ್ಳಿಗೇ ಕಳಿಸಲು ಹೇಳಿದರು. ಎಸ್‌ಎಪಿಯಲ್ಲಿ ಇದು TAS ಎಂಬ ಬಗೆಯ ಸಾಲು: ಮಾರಾಟದ ಆರ್ಡರ್ ಉಳಿಸಿದೊಡನೆ ಖರೀದಿಯ ಬೇಡಿಕೆ ತಾನೇ ಹುಟ್ಟುತ್ತದೆ.

ಇಲ್ಲಿ ಆದಾಯ 5 ಲಕ್ಷವೋ, ಬರೀ 60,000ವೋ? ಟೇಬಲ್ ಸರಿಯಿಲ್ಲದಿದ್ದರೆ ಆಸ್ಪತ್ರೆಗೆ ಉತ್ತರ ಕೊಡುವವರು ವಿತರಕರೇ, ವಾಪಸ್ ಬಂದರೆ ಹೊರೆ ಅವರದೇ, ಬೆಲೆ ಕಟ್ಟಿದವರೂ ಅವರೇ ಆಗಿದ್ದರೆ, ಅಲ್ಲಿ ಅವರು ಮಾರಾಟಗಾರರು. ಪೂರ್ತಿ 5 ಲಕ್ಷ ಆದಾಯ. ಇಲ್ಲವಾದರೆ ಮಧ್ಯವರ್ತಿ, 60,000 ಕಮಿಷನ್ ಮಾತ್ರ. ಕಾಗದದ ಮೇಲೆ ಒಡೆತನ ಕ್ಷಣಕಾಲ ವಿತರಕರ ಕೈಗೆ ಬಂದು ಹೋಯಿತೆಂಬುದೊಂದೇ ಸಾಲದು ಎಂದು ಮಾನದಂಡ ಸ್ಪಷ್ಟವಾಗಿ ಹೇಳುತ್ತದೆ. ತಂತ್ರಾಂಶ ಮಾತ್ರ ಬಿಲ್ಲಿನ ಪೂರ್ತಿ ಮೊತ್ತವನ್ನೇ ಮಾರಾಟದ ಖಾತೆಗೆ ಹಾಕುತ್ತದೆ. ಒಪ್ಪಂದ ಓದಿ ತೀರ್ಮಾನಿಸುವುದು ಮನುಷ್ಯರ ಕೆಲಸ.

TAS ಸಾಲಿನಲ್ಲಿ ರೂಢಿಯಂತೆ ತಯಾರಕರ ಇನ್‌ವಾಯ್ಸ್ ನಮೂದಿಸಿದ ಮೇಲೆ ಗ್ರಾಹಕರ ಬಿಲ್ ತೆರೆದುಕೊಳ್ಳುತ್ತದೆ. ತಯಾರಕರು ಮಾರ್ಚ್ 29ಕ್ಕೆ ಇನ್‌ವಾಯ್ಸ್ ಕಳಿಸಿ, ಲಾರಿ ಏಪ್ರಿಲ್ 2ಕ್ಕೆ ಹುಬ್ಬಳ್ಳಿ ಮುಟ್ಟಿತೆನ್ನಿ. ಆಸ್ಪತ್ರೆಗೆ ತಲುಪಿದ ಮೇಲೆಯೇ ಮಾರಾಟ ಎಂಬ ಕರಾರಿದ್ದರೆ ಇದು ಏಪ್ರಿಲಿನ ಆದಾಯ. ಬಿಲ್ ಮಾರ್ಚಿನಲ್ಲೇ ತಯಾರಾಗಿರುತ್ತದೆ. ಹಿಡಿಯುವ ದಾರಿ ಸರಳ: ಮಾರ್ಚ್ ಕೊನೆಯ ಹತ್ತು ದಿನಗಳ ಇಂಥ ಬಿಲ್ಲುಗಳನ್ನು ತೆಗೆದು, ಪ್ರತಿಯೊಂದರ ಪಕ್ಕ ಆಸ್ಪತ್ರೆ ಸಹಿ ಹಾಕಿದ ತಲುಪಿದ ಚೀಟಿಯನ್ನಿಟ್ಟು ತಾರೀಕು ಹೋಲಿಸುವುದು, ಚೀಟಿ ಸಿಗದ ಬಿಲ್ಲನ್ನು ಆ ವರ್ಷದ ಆದಾಯದಿಂದ ಹೊರಗಿಡುವುದು.